ಬ್ರಷ್ ಕಾರ್ಖಾನೆಯ ಅಕ್ಕ ಹಾಕಿಕೊಟ್ಟ ತೊಂಬತ್ತು ದಿನ

ಅಕ್ಕನ ತಾತ ತಳ್ಳುಗಾಡಿಯಲ್ಲಿ ಬಣ್ಣ ಬಳಿಯುವ ಬ್ರಷ್ ಮಾರಿದವರು. ಕೊಳ್ಳಲು ಬಂದವನು ಮೂಗು ಮುರಿದರೆ, ಅವನ ಕಣ್ಣೆದುರೇ ಬ್ರಷ್ಷಿನ ಕೂದಲು ಹಿಡಿದು ಜಗ್ಗಿ, "ಒಂದೆಳೆ ಕಿತ್ತು ಬಂದ್ರೆ ಗಾಡಿ ನಿಂದೇ, ತಳ್ಕೊಂಡು ಹೋಗು" ಅನ್ನುತ್ತಿದ್ದರಂತೆ. ಗಾಡಿ ಕೊನೆಯವರೆಗೂ ಅವರದೇ ಆಗಿ ಉಳಿಯಿತು. ಅಕ್ಕನ ಅಪ್ಪ ಬ್ರಷ್ಷಿನ ಕೊರಳಿಗೆ ತಗಡಿನ ಪಟ್ಟಿ ಒತ್ತುವ ಯಂತ್ರ ತಂದು ಕಾರ್ಖಾನೆ ಕಟ್ಟಿದರು. ಒಮ್ಮೆ ಅಂಟು ಕೈಕೊಟ್ಟು ಬ್ರಷ್‌ಗಳೆಲ್ಲ ಗೋಡೆಗೆ ಕೂದಲು ಬಿಡತೊಡಗಿದಾಗ, ಯಾರೂ ಕೇಳುವ ಮುಂಚೆಯೇ ಅಂಗಡಿ ಅಂಗಡಿಗೆ ಹೋಗಿ ಅವನ್ನು ತಾವೇ ವಾಪಸು ಹೊತ್ತು ತಂದ ಮನುಷ್ಯ.

ಅಂಥವರ ಮಗಳು ಅಕ್ಕ. ಕಾರ್ಖಾನೆಯಲ್ಲಿ ಕೂದಲು ಕಟ್ಟುವ ವಿಭಾಗದ ಮೇಸ್ತ್ರಿಯಾಗಿದ್ದ ನನಗೂ ಅಕ್ಕ, ಬಣ್ಣದ ಅಂಗಡಿಯವರಿಗೂ ಅಕ್ಕ. ಅವಳ ತಮ್ಮ ಬ್ರಷ್ ಮಾಡಿಸುತ್ತಿದ್ದ, ಅಕ್ಕ ಮಾರುತ್ತಿದ್ದಳು. ಯಾವ ಅಂಗಡಿಯವನಿಗೆ ಬೆಳಿಗ್ಗೆ ಮಾತು ಸೇರುವುದಿಲ್ಲ, ಯಾವನಿಗೆ ಹೊಗಳಿದರೆ ಸಾಕು ಆರ್ಡರ್ ದುಪ್ಪಟ್ಟಾಗುತ್ತದೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಮೊಣಕಾಲು ಮುಷ್ಕರ ಹೂಡಿತು. ಅಂಗಡಿ ಮೆಟ್ಟಿಲು ಹತ್ತುವಾಗ ಕಂಬ ಹಿಡಿದು ನಿಲ್ಲುವ ಹಾಗಾಯಿತು. ಅವಳ ಜಾಗಕ್ಕೆ ಹೊರಗಿನಿಂದ ಒಬ್ಬ ಮಾರ್ಕೆಟಿಂಗ್ ಮ್ಯಾನೇಜರನ್ನು ತಂದರು. ಮೂರು ತಿಂಗಳಲ್ಲಿ ಆತ ಕೆಲಸ ಬಿಟ್ಟು ಹೋದ. ಈಗ ಸೋಪಿನ ಕಂಪನಿಯಲ್ಲಿ ಪಳಗಿದ ಒಬ್ಬ ಹೆಣ್ಣುಮಗಳು ಬರುವವಳಿದ್ದಳು. ಇವಳೂ ಹೋದರೆ ಅಕ್ಕ ಮತ್ತೆ ಅದೇ ಮೊಣಕಾಲಲ್ಲಿ ಬೀದಿಗಿಳಿಯಬೇಕು, ಇಲ್ಲವೇ ಬ್ರಷ್‌ಗಳು ಗೋದಾಮಿನಲ್ಲೇ ಕೂತು ಮುದಿಯಾಗಬೇಕು.

ಹಿಂದಿನವನು ಯಾಕೆ ಹೋದ ಎನ್ನುವುದು ನಮಗೆಲ್ಲ ಗೊತ್ತಿತ್ತು. ಈ ಮನೆಯವರು ವ್ಯವಹಾರವನ್ನೆಲ್ಲ ಮಧ್ಯಾಹ್ನದ ಊಟದ ಮೇಜಿನ ಮೇಲೆ ಮುಗಿಸುತ್ತಿದ್ದರು. ಕಾರ್ಖಾನೆಯ ಮಹಡಿಯಲ್ಲಿ ಅಕ್ಕ, ತಮ್ಮ, ತಮ್ಮನ ಮಗಳು ಒಟ್ಟಿಗೆ ಉಣ್ಣುತ್ತಿದ್ದರು. ಒಬ್ಬರು 'ಹೂಂ' ಅಂದರೆ ಬೆಲೆ ಬದಲಾಯಿತು, ಇನ್ನೊಬ್ಬರು ತಲೆಯಾಡಿಸಿದರೆ ಬ್ರಷ್ ತುಂಬುವ ಪೆಟ್ಟಿಗೆ ಬದಲಾಯಿತು. ಕೈ ತೊಳೆದು ಇಳಿಯುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿದೆ ಎಂಬ ನಂಬಿಕೆ. ಕೆಳಗೆ ಒಂಟಿಯಾಗಿ ಊಟದ ಡಬ್ಬಿ ಬಿಚ್ಚಿ ಉಂಡ ಮ್ಯಾನೇಜರನಿಗೆ ಅದು ಅಂಗಡಿಯವನ ಬಾಯಿಂದ ತಿಳಿಯುತ್ತಿತ್ತು.

ಅದಕ್ಕೇ ಅಕ್ಕ ಈ ಸಲ ಹೊಸಬಳ ಮೊದಲ ಮೂರು ತಿಂಗಳಿಗೆ ಕಾಗದದ ಮೇಲೆ ದಾರಿ ಹಾಕಲು ಕೂತಳು. ಮೊದಲ ತಿಂಗಳು ಬರೀ ನೋಡುವುದು, ಕೇಳುವುದು: ನನ್ನ ಪಕ್ಕ ಕೂತು ಕೈಯಾರೆ ಬ್ರಷ್ ಕಟ್ಟುವುದು, ಮಾಲಿನ ವ್ಯಾನಿನಲ್ಲಿ ಅಂಗಡಿ ಸುತ್ತುವುದು, ಪೇಂಟರುಗಳು ಕೆಲಸ ಮಾಡುವ ಕಡೆ ನಿಂತು ನೋಡುವುದು, ಎಲ್ಲಿ ಮಾಲು ಹೋಗುತ್ತದೆ, ಎಲ್ಲಿಂದ ವಾಪಸು ಬರುತ್ತದೆ ಎಂದು ತಿಳಿಯುವುದು. ಎರಡನೇ ತಿಂಗಳು ಒಂದೇ ಒಂದು ಸಣ್ಣ ಕೆಲಸ, ಆದರೆ ತುದಿಯಿಂದ ಬುಡದವರೆಗೆ ಅವಳದೇ. ಮೂರನೆಯದರಲ್ಲಿ ಮುಂದಿನ ವರ್ಷಕ್ಕೆ ಏನು ಮಾಡಬೇಕೆಂದು ಅವಳೇ ಹೇಳಬೇಕು. ಪ್ರತಿ ತಿಂಗಳ ಕೊನೆಗೆ ಎದುರುಬದುರು ಕೂತು, ಏನು ಸಾಗಿತು, ಏನು ತೊಡಕಾಯಿತು ಎಂದು ಎರಡೂ ಕಡೆಯವರು ಬಿಚ್ಚಿ ಮಾತಾಡಬೇಕು.

ತಮ್ಮನ ಮಗಳು ಓದಿ ನಕ್ಕಳು. "ಅತ್ತೆ, ಎಲ್ಲಾ ಚೆನ್ನಾಗಿದೆ. ಆದ್ರೆ ಪ್ರತಿ ಸಾಲಲ್ಲೂ 'ಅಕ್ಕನ ಜೊತೆ' ಅಂತಿದೆಯಲ್ಲ! ಇದು ಅವಳು ಕೆಲಸಕ್ಕೆ ಸೇರೋದಾ, ನೀನು ಅವಳನ್ನ ಸೊಂಟದ ಮೇಲೆ ಕೂರಿಸ್ಕೊಂಡು ತಿರುಗೋದಾ?"

"ದಾರಿ ಗೊತ್ತಿಲ್ಲದ ಹುಡುಗಿ ಕಣೇ."

"ತಪ್ಪಿದ್ರೆ ಕೇಳ್ಕೊಂಡು ಬರ್ತಾಳೆ ಬಿಡು."

ಅಕ್ಕ ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದಳು. ಮಾರನೇ ದಿನ ಬಂದವಳೇ ಮೊದಲ ತಿಂಗಳು ಬಿಟ್ಟು ಉಳಿದ ಕಡೆಯೆಲ್ಲ ತನ್ನ ಹೆಸರನ್ನು ತಾನೇ ಹೊಡೆದು ಹಾಕಿದಳು. ಕೆಳಗೆ ಹೊಸದೊಂದು ಮಾತು ಸೇರಿಸಿದಳು: ಬೆಲೆ, ಮಾಲಿನ ಗುಣ ತಮ್ಮನ ಪಾಲು, ಮಾಲು ಕಣ್ಣಿಗೆ ಹೇಗೆ ಕಾಣಬೇಕು, ಪ್ರಚಾರ ಹೇಗಿರಬೇಕು ಎನ್ನುವುದು, ಗೊತ್ತುಮಾಡಿದ ಖರ್ಚಿನೊಳಗೆ, ಹೊಸಬಳ ಪಾಲು. ಊಟದ ಮೇಜಲ್ಲಿ ಆಡಿದ್ದು, ಸೋಮವಾರ ಬೆಳಗಿನ ಸಭೆಯಲ್ಲಿ ಅವಳ ಎದುರು ಆಡುವವರೆಗೆ ಲೆಕ್ಕಕ್ಕಿಲ್ಲ. ತಮ್ಮ ಗೊಣಗುತ್ತ ಸಹಿ ಹಾಕಿದ.

ಹೊಸಬಳು ಬಂದಳು. ಅವಳು ಕಟ್ಟಿದ ಮೊದಲ ಬ್ರಷ್ ನೋಡಿ, "ಇದು ಗೋಡೆ ಬಳಿಯೋಕಲ್ಲಮ್ಮ, ಬೆಕ್ಕು ಹೆದರಿಸೋಕೆ" ಅಂದೆ. ಎಲ್ಲರಿಗಿಂತ ಜೋರಾಗಿ ಅವಳೇ ನಕ್ಕಳು. ಎರಡನೇ ತಿಂಗಳಿಗೆ ಕಿಟಕಿ ಅಂಚಿಗೆ ಬಳಿಯುವ ಸಣ್ಣ ಬ್ರಷ್ಷನ್ನು ಆರಿಸಿಕೊಂಡಳು. ಪೇಂಟರುಗಳು ಬೆಳಿಗ್ಗೆ ಚಹಾ ಕುಡಿಯುವ ಕಡೆ ಹೋಗಿ, ಅವರ ಕೈಗೇ ಕೊಟ್ಟು ಬಳಸಿ ನೋಡಲು ಹೇಳಿದಳು. ಹತ್ತಿರದ ಕೆಲವೇ ಅಂಗಡಿಗಳಲ್ಲಿಟ್ಟು, ಎರಡನೇ ಸಲ ಕೇಳಿಕೊಂಡು ಬರುತ್ತಾರೋ ನೋಡೋಣ ಎಂದಳು. ಅದರ ಹಳದಿ ಹಿಡಿಯ ಚಿತ್ರವಿರುವ ಪೋಸ್ಟರು ಅಚ್ಚಿಗೆ ಹೋಯಿತು.

ಅಷ್ಟರಲ್ಲೇ ಒಂದು ಮಧ್ಯಾಹ್ನ ತಮ್ಮ ತುತ್ತು ಕಲಸುತ್ತ, "ಹಳದಿ ಬಣ್ಣ ಸರಿಯಾಗಿ ಹಿಡೀತಿಲ್ಲ, ಹಿಡಿಗೆ ಕೆಂಪು ಹಾಕ್ಸ್ತೀನಿ" ಅಂದ. ಅಕ್ಕ ಎಂದಿನ ರೂಢಿಯಲ್ಲಿ "ಹೂಂ" ಅಂದುಬಿಟ್ಟಳು! ತಮ್ಮ ಕೆಳಕ್ಕೆ ಕೂಗಿ ಹೇಳಿದ್ದರಿಂದ ನಾನು ಆಗಲೇ ಹಿಡಿಗಳನ್ನು ಕೆಂಪಿಗೆ ಅದ್ದಿಸತೊಡಗಿದ್ದೆ. ಅಕ್ಕ ತೊಳೆದ ಕೈ ಒರೆಸದೆ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದಳು.

"ನಿಲ್ಲಿಸಿ ಮೇಸ್ತ್ರಿ! ನನ್ನ ಬಾಯಿಗಿಷ್ಟು ಬೆಂಕಿ ಬೀಳ."

ನೇರ ಹೊಸಬಳ ಮೇಜಿಗೆ ಹೋದಳು. "ತಾಯಿ, ನಾನೇ ಹಾಕಿದ ಗೆರೆ ನಾನೇ ದಾಟಿದೆ. ಹಿಡಿ ಬಣ್ಣ ಬದಲಾಯಿಸೋ ಮಾತು ಬಂತು, ನಾನು ಹೂಂ ಅಂದೆ. ನೀನು ಏನಂತೀಯ?"

ಹೊಸಬಳು ಮೇಜಿನ ಮೇಲಿದ್ದ ಹಳದಿ ಬ್ರಷ್ಷೊಂದನ್ನು ಕೈಗೆತ್ತಿಕೊಂಡಳು. "ಹಳದಿ ಯಾಕೆ ಹಿಡೀತಿಲ್ಲ ಅಂತ ಮೊದಲು ನೋಡ್ಬೇಕಕ್ಕ. ಈ ಅಂಗಡಿಗಳಿಗೆ ಸಾಕಾಗೋಷ್ಟು ಒಳ್ಳೇ ಹಳದಿ ಇದ್ರೆ ಅದೇ ಹೋಗ್ಲಿ. ಆಮೇಲಿನದು ಕೆಂಪು ಮಾಡೋಣ, ಪೋಸ್ಟರ್ ಬದಲಾಯಿಸ್ತೀನಿ." ಆಮೇಲೆ ದನಿ ತಗ್ಗಿಸಿ, "ಇದನ್ನ ನೀವೇ ಬಂದು ಹೇಳಿದ್ರಲ್ಲ ಅಕ್ಕ, ಅಷ್ಟು ಸಾಕು" ಅಂದಳು.

ತಮ್ಮ ಸಿಡುಕಿದ: "ನನ್ನ ಕಾರ್ಖಾನೇಲಿ ಯಾವ ಬಣ್ಣ ಅಂತ ಅವಳನ್ನ ಕೇಳ್ಬೇಕಾ?"

"ಕೇಳ್ಬೇಕು ಕಣೋ. ನಾನೂ ಕೇಳ್ಬೇಕು. ನಮ್ಮಿಬ್ರಿಗೂ ಈ ವಯಸ್ಸಲ್ಲಿ ಹೊಸ ಪಾಠ."

ಆಮೇಲೊಂದು ದಿನ, ಹತ್ತಿರದ ದೊಡ್ಡ ಬಣ್ಣದ ಅಂಗಡಿಯ ಯಜಮಾನ ಅಕ್ಕನಿಗೇ ಫೋನ್ ಮಾಡಿದ. "ಏನಕ್ಕ, ನಿಮ್ಮ ಹುಡುಗಿ ನನ್ನ ಗಲ್ಲಾ ಪಕ್ಕ ಬ್ರಷ್ ನೇತು ಹಾಕ್ಬೇಕಂತಾಳೆ. ನೀವು ಒಂದ್ಮಾತು ಹೇಳಿ, ಆಗಲ್ಲ ಅಂತ."

ಅಕ್ಕನ ಕೆನ್ನೆ ಕೆಂಪೇರಿತು. ಅಷ್ಟು ವರ್ಷಗಳಿಂದ ಆ ಒಂದು ಮಾತು ಅವಳದೇ ಆಗಿತ್ತಲ್ಲ. ನುಂಗಿಕೊಂಡಳು. "ಅದನ್ನ ಅವಳಿಗೇ ಹೇಳಿ ಅಣ್ಣ. ನನ್ನ ಮಾತು ಈಗ ಬರೀ ಕಷ್ಟಸುಖಕ್ಕೆ. ಮೊಮ್ಮಗಳು ಹೇಗಿದ್ದಾಳೆ?" ಫೋನಿಟ್ಟ ಮೇಲೂ ಕೈ ಅದರ ಮೇಲೇ ಇತ್ತು. ಮೂರು ದಿನ ಜಗಳವಾಡಿದ ಯಜಮಾನ, ಕೊನೆಗೆ ಬ್ರಷ್ ನೇತು ಹಾಕಿಸಿಕೊಂಡ.

ತೊಂಬತ್ತು ದಿನ ತುಂಬಿದ ದಿನ ಹೊಸಬಳು ಮುಂದಿನ ವರ್ಷದ ಲೆಕ್ಕಾಚಾರ ಮುಂದಿಟ್ಟಳು. ಸಣ್ಣ ಬ್ರಷ್ ಎರಡನೇ ಸಲ ತರಿಸಿದ ಅಂಗಡಿ ಯಾವುದು, ತರಿಸದೇ ಇದ್ದದ್ದು ಯಾವುದು, ಮುಚ್ಚುಮರೆಯಿಲ್ಲದೆ ಹೇಳಿದಳು. ತಮ್ಮ ಎರಡು ಕಡೆ ತಕರಾರು ತೆಗೆದ, ಒಂದು ಕಡೆ ಸೋತ. ಕೆಲಸ ಕಾಯಂ ಎಂದರು. ಹೊಸಬಳು, "ನಾನು ಇರ್ತೀನಿ" ಎಂದಳು. ಅಕ್ಕ ಕಣ್ಣೊರೆಸಿಕೊಂಡು, "ನಾಳೆಯಿಂದ ನಾನು ಬರಲ್ಲ" ಎಂದು ಚೀಲ ಹೆಗಲಿಗೇರಿಸಿ ಎದ್ದಳು.

ತಮ್ಮ ಬಾಗಿಲವರೆಗೆ ಓಡಿ ಬಂದ. "ಕಾರಲ್ಲಿ ಬಿಟ್ಟು ಬರ್ತೀನಿ ಅಕ್ಕ. ನಾಳೆಯಿಂದಲೂ ಕರ್ಕೊಂಡು ಬರ್ತೀನಿ, ಸುಮ್ನೆ ಅವಳ ಪಕ್ಕ ಒಂದು ಕುರ್ಚಿ ಹಾಕ್ಸ್ತೀನಿ. ನಿಂಗೂ ಹೊತ್ತು ಹೋಗುತ್ತೆ."

ಅಕ್ಕ ಮೆಟ್ಟಿಲ ಕಂಬಿ ಹಿಡಿದು ತಿರುಗಿದಳು.

"ಬೇಡ ಕಣೋ. ಕಾರೂ ಬೇಡ, ಕುರ್ಚಿನೂ ಬೇಡ. ಅವಳ ಪಕ್ಕ ನಾನು ಕೂತ್ರೆ ಬಂದವರೆಲ್ಲ ನನ್ನ ಮುಖಾನೇ ನೋಡ್ತಾರೆ. ನನ್ನ ಹೊತ್ತು ನಾನು ಕಳೀತೀನಿ, ಕಾಲು ನೋವಾದ್ರೆ ಎಲ್ಲಾದ್ರೂ ಕೂತ್ಕೋತೀನಿ. ನೀನು ಒಳಗೆ ಹೋಗು."