ಹುಚ್ಚೆಳ್ಳಿಗೆ ಒಂದು ಸಾಲು

ಕೆಳಗಿನ ಹಿಟ್ಟಿನ ಗಿರಣಿ ಬೆಳಗಿನಿಂದ ಗರಗರ ಎನ್ನುತ್ತಿತ್ತು. ಮೇಲಿನ ಮನೆಯಲ್ಲಿ ನಿಘಂಟು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ ಸುತ್ತುತ್ತಿದ್ದಳು. ಚಿಕ್ಕಂದಿನಲ್ಲಿ ಪದ ಪದಕ್ಕೂ ಅರ್ಥ ಕೇಳಿ ಎಲ್ಲರ ತಲೆ ತಿನ್ನುತ್ತಿದ್ದಳೆಂದು ಸೋದರತ್ತೆ ಇಟ್ಟ ಹೆಸರು ಅದು. ಅಡುಗೆ ಪುಸ್ತಕಗಳನ್ನು ಇಂಗ್ಲಿಷಿಗೆ ತರುವುದೇ ಕಸುಬಾದ ಮೇಲೆ ಆ ಹೆಸರೇ ಗಟ್ಟಿಯಾಯಿತು. ಈಗ ಅಚ್ಚಿಗೆ ಹೊರಟಿದ್ದದ್ದು ಆ ಅತ್ತೆಯದೇ ಪುಸ್ತಕ. ಅತ್ತೆ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಆಯುಷ್ಯ ಕಳೆದವರು.

ಆಗಷ್ಟೇ ಸಂಪಾದಕಿಯ ಫೋನು ಬಂದಿತ್ತು.

"ನಿಮ್ಮತ್ತೆಯವರ ಚಟ್ನಿಪುಡಿ ಮಾಡಿ ನೋಡಿದ್ವಿ ಕಣ್ರೀ. ಕಹಿ! ಬಾಯಿಗಿಡೋಕಾಗ್ಲಿಲ್ಲ. ಆ ಪುಟ ತೆಗೆದುಬಿಡ್ತೀನಿ. ಸಂಜೆ ಅಚ್ಚಿಗೆ ಹೋಗ್ಬೇಕು."

ಆ ಪುಡಿ ಇಲ್ಲದಿದ್ದರೆ ಪುಸ್ತಕವೇ ಬೇಡ ಎಂದು ಅತ್ತೆ ಮೊದಲೇ ಹೇಳಿದ್ದರು. ಹಾಸ್ಟೆಲಿನ ಮಕ್ಕಳು ಬೇರೆ ಏನು ಬಿಟ್ಟರೂ ಅದನ್ನು ಬಿಡುತ್ತಿರಲಿಲ್ಲವಂತೆ.

ನಿಘಂಟು ಪುಟ ತೆರೆದಳು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಮತ್ತೆ ಒಂದು ಬಟ್ಟಲು ನೈಜೆಲ್ಲ. ನೈಜೆಲ್ಲ ಎಂದರೆ ಕರಿಜೀರಿಗೆ. ಪುಡಿಗೆ ಬೇಕಾದ ಹುಚ್ಚೆಳ್ಳಿಗೆ ಅವಳು ಬರೆದಿದ್ದದ್ದು ನೈಜರ್. ಕರಡು ತಿದ್ದುವವರು ಪಕ್ಕದಲ್ಲಿ, ಇದು ನೈಜೆಲ್ಲ ಇರಬೇಕಲ್ಲವೇ, ಎಂದು ಕೇಳಿದ್ದರು. ಹಿಂದಿನ ಪುಟದಲ್ಲಿ ಕರಿಜೀರಿಗೆಯೊಂದಿಗೇ ಹೆಣಗಿ ಬಂದಿದ್ದ ಅವಳು, ಹೌದೆಂದು ಗೀಟು ಹಾಕಿ ಮುಂದೆ ಹೋಗಿದ್ದಳು.

"ಏನಾಯ್ತೇ? ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದೀಯ?" ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತದೆ ಕೇಳಿದರು.

ಹೇಳಿದಳು. ಅತ್ತೆ ಸೊಪ್ಪು ಕೆಳಗಿಟ್ಟರು.

"ಕರಿಜೀರಿಗೇನ ಬಟ್ಟಲುಗಟ್ಟಲೆ ಹಾಕಿದ್ರಾ? ಅಯ್ಯೋ ಪಾಪ, ಬದುಕಿದಾರೇನೇ?"

ನಗು ಬಂದರೂ ನಿಘಂಟುವಿಗೆ ನಗಲಾಗಲಿಲ್ಲ. ಸಂಪಾದಕಿಗೆ ಫೋನು ಮಾಡಿ ತಪ್ಪು ತನ್ನದೆಂದಳು. ನೈಜರ್ ಎಂದು ತಿದ್ದಿದರೆ ಸಾಕೆಂದಳು.

"ಅದು ಅಂಗಡೀಲಿ ಸಿಗತ್ತಾ? ಕರಿ ಎಳ್ಳು ಅಂತ ಹಾಕಿಬಿಡಿ. ಎಲ್ರಿಗೂ ಗೊತ್ತಿರತ್ತೆ."

"ಹೆಸರಲ್ಲಷ್ಟೇ ಎಳ್ಳು. ಅದು ಸೂರ್ಯಕಾಂತಿ ಕಡೆ ಸಂಬಂಧ. ರುಚೀನೇ ಬೇರೆ."

"ಹಾಗಾದ್ರೆ ಓದುಗರಿಗೆ ಸರಿಯಾದ ಕಾಳು ಸಿಗೋ ಹೆಸರು ಕೊಡಿ. ಇಲ್ದಿದ್ರೆ ಪುಟ ಇಲ್ಲ."

ಆ ಹೆಸರು ಹಿಡಿದು ಕೇಳಿದರೆ ಏನು ಸಿಗುವುದೆಂದು ನೋಡಲು ಚಪ್ಪಲಿ ಮೆಟ್ಟಿ ನಿಘಂಟು ಬೀದಿಗಿಳಿದಳು. ದಿನಸಿ ಅಂಗಡಿಯಾತ ನೈಜರ್ ಎಂದರೆ ಮಿಕಿಮಿಕಿ ನೋಡಿದ. ಮೂಲೆಯ ಸಾಕುಪ್ರಾಣಿಗಳ ಅಂಗಡಿಯಲ್ಲಿ ಮಾತ್ರ ಆ ಹೆಸರಿನ ಪೊಟ್ಟಣ ಕಂಡಿತು. ಒಳಗೆ ತೆಳ್ಳಗೆ, ಉದ್ದಕ್ಕೆ, ಮಿರಮಿರ ಮಿಂಚುವ ಅದೇ ಕಪ್ಪು ಕಾಳು. ಹೊರಗೆ ಹಳದಿ ಹಕ್ಕಿಯ ಚಿತ್ರ. ಅಡಿಯಲ್ಲಿ ಸಣ್ಣಕ್ಷರ: ಮನುಷ್ಯರು ತಿನ್ನತಕ್ಕದ್ದಲ್ಲ. ತಪ್ಪು ಹೆಸರು ಕಹಿ ಪುಡಿ ಮಾಡಿಸಿತ್ತು. ಸರಿಯಾದ ಹೆಸರು ಓದುಗರನ್ನು ಇಲ್ಲಿಗೆ ಕರೆತರುತ್ತಿತ್ತು.

ಮನೆಗೆ ತಂದ ಪೊಟ್ಟಣ ನೋಡಿ ಅತ್ತೆ ಸಿಡುಕಿದರು. "ತೊಗರಿ ಪಾರಿವಾಳದ್ದು ಅಂದೆ. ಹುರುಳಿ ಕುದುರೇದು ಅಂದೆ. ಈಗ ಇದು ಹಕ್ಕೀದಾ? ನಿನ್ನ ಇಂಗ್ಲಿಷಲ್ಲಿ ಮನುಷ್ಯರಿಗೆ ಅಂತ ಏನಾದ್ರೂ ಇಟ್ಟಿದಾರೋ ಇಲ್ವೋ?"

"ಅತ್ತೆ, ಅದನ್ನ ನೀವು ಯಾರಿಗಾದ್ರೂ ಗುರುತು ಹೇಳೋದಾದ್ರೆ ಹೇಗೆ ಹೇಳ್ತೀರಿ?"

"ಹುಚ್ಚೆಳ್ಳು ಅಂತೀನಿ. ಗೊತ್ತಿಲ್ಲ ಅಂದ್ರೆ ಕೈಲಿಟ್ಟು ತೋರಿಸ್ತೀನಿ."

ನಿಘಂಟು ನಿಂತಲ್ಲೇ ಬರೆದಳು. ಮೊದಲು ಹುಚ್ಚೆಳ್ಳು ಎಂಬುದನ್ನೇ ಇಂಗ್ಲಿಷ್ ಅಕ್ಷರದಲ್ಲಿ. ಕೆಳಗೆ ಒಂದು ಸಾಲು: ಇದು ನೈಜರ್ ಕಾಳು, ತೆಳುವಾದ ಹೊಳೆಯುವ ಕಪ್ಪು, ಎಳ್ಳಲ್ಲ, ನೈಜೆಲ್ಲ ಅಲ್ಲ, ಹಕ್ಕಿಗಳಿಗೆಂದು ಮಾರುವ ಕಾಳು ಬೇಡ, ಅಡುಗೆಯ ಕಾಳು ಮಾರುವಲ್ಲೇ ಕೇಳಿ ಕೊಳ್ಳಿ.

ಸಂಪಾದಕಿ ಫೋನಿನಲ್ಲೇ ಓದಿಸಿಕೊಂಡಳು. "ಚೆನ್ನಾಗಿದೆ. ಆದ್ರೆ ಪುಟದಲ್ಲಿ ಜಾಗ ಇಲ್ಲ. ಪುಟದ ಮೇಲ್ಗಡೆ ನಿಮ್ಮತ್ತೆ ಬಗ್ಗೆ ಇರೋ ಮಾತು ತೆಗೆದ್ರೆ ಹಿಡಿಯತ್ತೆ. ಅವರನ್ನೇ ಕೇಳಿ, ನಾನು ಹಿಡ್ಕೊಂಡಿರ್ತೀನಿ."

ಫೋನಿಗೆ ಅಂಗೈ ಮುಚ್ಚಿ ನಿಘಂಟು ಕೇಳಿದಳು. ಅತ್ತೆಯ ಕೈ ಸೊಪ್ಪಿನ ಮೇಲೆ ನಿಂತಿತು. ಇಡೀ ಪುಸ್ತಕದಲ್ಲಿ ಅವರ ವಿಷಯ ಇದ್ದದ್ದು ಅಲ್ಲೊಂದೇ.

"ಇದ್ದಿದ್ದೇ ಅಷ್ಟು ಕಣೇ ನಂದು." ಮತ್ತೆ ಸೊಪ್ಪು ಬಿಡಿಸತೊಡಗಿ, "ತೆಗಿ ಅತ್ಲಾಗೆ. ನನ್ನ ಹೊಗಳಿ ಆಮೇಲೆ ಕಹಿ ಪುಡಿ ತಿನ್ನಿಸಿದ್ರೆ ಬೈಯೋದು ನನ್ನನ್ನೇ ತಾನೆ?"

"ಬೇಜಾರಾ ಅತ್ತೆ?"

"ಆಗದೆ ಇರತ್ತಾ? ಅದಿರ್ಲಿ, ಸಣ್ಣ ಉರೀಲಿ ಹುರೀಬೇಕು ಅಂತ ಹಾಕಿದೀಯೋ ಇಲ್ವೋ? ಚಟಪಟ ಅಂತಿದ್ದ ಹಾಗೇ ಇಳಿಸ್ಬೇಕು."

ಸಣ್ಣ ಉರಿ ಇತ್ತು, ಚಟಪಟ ಇರಲಿಲ್ಲ. ನಿಘಂಟು ಅಂಗೈ ತೆಗೆದು ಫೋನು ಕಿವಿಗಿಟ್ಟಳು. "ಅತ್ತೆ ಒಪ್ಪಿದ್ರು, ತೆಗೀರಿ. ಆದ್ರೆ ಇನ್ನೊಂದೇ ಒಂದು ಪದ ಸೇರಿಸ್ಬೇಕು, ಬೇಡ ಅನ್ಬೇಡಿ, ಕಾಳು ಬಾಣಲೇಲಿ ಚಟಪಟ ಅನ್ನತ್ತಲ್ಲ, ಅದಕ್ಕೆ ಇಂಗ್ಲಿಷಲ್ಲಿ..." ಎನ್ನುತ್ತ ಬಾಗಿಲು ದಾಟಿ, ಹುಚ್ಚೆಳ್ಳು ತರಲು ಮೆಟ್ಟಿಲಿಳಿದಳು.