ಮಾರಿಹೋದ ಕೌದಿಗಳ ಫೋಟೋ

ಬಸವಕಲ್ಯಾಣದಲ್ಲಿ ನಮ್ಮವ್ವ ಹಳೆಯ ಸೀರೆ, ಧೋತರದ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದಳು. ಅಳತೆಯಿಲ್ಲ, ನಕ್ಷೆಯಿಲ್ಲ, ಒಂದರಂತೆ ಇನ್ನೊಂದಿಲ್ಲ. ಹುಮನಾಬಾದಿನಲ್ಲಿ ಕೂತು ಅಂಗಡಿಗಳಿಗೆ ಆ್ಯಪ್ ಮಾಡಿಕೊಡುವ ನಾನು ಕೌದಿ ಮಾರಲು ಅವಳಿಗೂ ಒಂದು ಮಾಡಿಕೊಟ್ಟೆ. ಫೋಟೋ ಹಾಕುವ ಕೆಲಸ ಅವಳ ಜೊತೆಗಿರುವ ಅಕ್ಕನದು.

ಆ ಫೋಟೋಗಳನ್ನು ಇಡಬೇಕಾದದ್ದು ಆಬ್ಜೆಕ್ಟ್ ಸ್ಟೋರೇಜ್ ಬಕೆಟ್‌ನಲ್ಲಿ, ಅಂದರೆ ಆ್ಯಪ್‌ಗಳು ತಮ್ಮ ಕಡತ ಇಡುವ ಆನ್‌ಲೈನ್ ಉಗ್ರಾಣದಲ್ಲಿ. ಅಲ್ಲಿ ನಿಜವಾದ ಫೋಲ್ಡರ್ ಇರುವುದಿಲ್ಲ. ಪ್ರತಿ ಚಿತ್ರಕ್ಕೂ ಒಂದು ಉದ್ದನೆಯ ಹೆಸರು, ಆ ಹೆಸರು ಹೇಳಿ ಆ್ಯಪ್ ಚಿತ್ರ ತರಿಸಿಕೊಳ್ಳುತ್ತದೆ. ಅಳಿಸಿದ್ದರ ಹಳೆಯ ಪ್ರತಿಯನ್ನು ಉಳಿಸಿಕೊಳ್ಳುವ ಏರ್ಪಾಡೂ ಉಂಟು. ಆದರೆ ಅಕ್ಕ ಅದಕ್ಕೆ ಫೋಟೋ ಹಾಕಬೇಕಾದರೆ ಆ್ಯಪ್‌ನಲ್ಲಿ ಬೇರೊಂದು ಸ್ಕ್ರೀನ್ ಮಾಡಬೇಕಿತ್ತು, ಎರಡು ದಿನದ ಕೆಲಸ. ನಾನೋ ಮೈಗಳ್ಳ. ಎಲ್ಲರೂ ಬಳಸುವ ಕ್ಲೌಡ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ತೆರೆದು, ಅದರ ಲಿಂಕುಗಳನ್ನೇ ಆ್ಯಪ್‌ಗೆ ಅಂಟಿಸಿ ಕೈ ತೊಳೆದುಕೊಂಡೆ.

ಆಮೇಲೆ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು. ಫೋಟೋ ನೋಡಿಕೊಂಡು ತಾನೇ ಹೊಲಿಯುತ್ತೇನೆಂದು ಅಕ್ಕ ಸೂಜಿ ಹಿಡಿದಳು. ಅವ್ವ ಪಕ್ಕದಲ್ಲಿ ಮಲಗಿಯೇ ತಪ್ಪು ತಿದ್ದಬಹುದೆಂದು ನನಗೂ ಆಸೆಯಾಗಿತ್ತು. ಆ್ಯಪ್ ತೆರೆದರೆ ಹಳೆಯ ಕೌದಿಗಳ ಜಾಗದಲ್ಲೆಲ್ಲ, ನೆಟ್ ಹೋದಾಗ ಚಿತ್ರದ ಬದಲು ಕಾಣುವಂಥ ಬೂದು ಚೌಕ.

ಬಸ್ಸು ಹಿಡಿದು ಊರಿಗೆ ಹೋದೆ. "ಫೋಟೋ ಎಲ್ಲಿ ಹೋದ್ವು ಅಕ್ಕ?"

"ಮಾರಿದ್ದು ತೆಗದೀನಿ. ಹೋದ ಮಾಲು ಅಂಗಡ್ಯಾಗ ಯಾಕ ತೋರಸಬೇಕು? ಮಂದಿ ಅದನ್ನ ಬೇಡ್ತಾರ."

ಅವಳದೇನೂ ತಪ್ಪಿಲ್ಲ. ನಮ್ಮ ಬಜಾರಿನಲ್ಲಿ ಮಾರಿದ ಸೀರೆಯನ್ನು ಯಾರೂ ಗೊಂಬೆಯ ಮೈಮೇಲೆ ಬಿಡುವುದಿಲ್ಲ. ಮಾರಾಟವಾಯಿತೆಂದು ಆ್ಯಪ್‌ನಲ್ಲೊಂದು ಗುರುತು ಹಾಕಿ ಚಿತ್ರ ಉಳಿಸಿಕೊಳ್ಳುವ ದಾರಿಯನ್ನು ನಾನೇ ಮಾಡಿರಲಿಲ್ಲ. ಡ್ರೈವ್‌ನ ಕಸದಬುಟ್ಟಿ ನೋಡಿದೆ. ಅಲ್ಲಿ ಮೂವತ್ತು ದಿನ ಮಾತ್ರ ಉಳಿಯುತ್ತದೆ, ಅವಳು ಅಳಿಸಿ ತಿಂಗಳುಗಳಾಗಿದ್ದವು. ಜಾಗ ಸಾಲದೆಂದು ಅವಳ ಫೋನಿನಿಂದಲೂ ತೆಗೆದಾಗಿತ್ತು. ಕೊಂಡವರಿಗೆ ಫೋನ್ ಹಚ್ಚಿದೆ. ಒಬ್ಬರು ಯಾರಿಗೋ ಉಡುಗೊರೆ ಕೊಟ್ಟಿದ್ದರು, ಉಳಿದವರು ಎತ್ತಲೇ ಇಲ್ಲ.

ಅಲ್ಲೇ ಕೂತು ಬಕೆಟ್ ಮಾಡಿದೆ. ಹಳೆಯ ಪ್ರತಿ ಉಳಿಸುವ ಏರ್ಪಾಡನ್ನೂ ಹಾಕಿದೆ.

"ಈಗ ಅದರಾಗ ಏನ್ ಇಡ್ತಿ?" ಎಂದಳು ಅಕ್ಕ.

ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಷ್ಟರಲ್ಲಿ ಅವ್ವ ಎಡಗೈ ಚಾಚಿ ಫೋನ್ ಕೇಳಿದಳು. ಒಂದೊಂದೇ ಬೂದು ಚೌಕವನ್ನು ಮೆಲ್ಲಗೆ ಸರಿಸುತ್ತ ಹೋದಳು. ಕೊನೆಗೆ ನನ್ನ ಕಡೆ ನೋಡಿ ತೊದಲುತ್ತ ಕೇಳಿದಳು.

"ನೆಟ್ ಇಲ್ಲೇನು?"

"ಹೌದವ್ವ, ನೆಟ್ ಇಲ್ಲ," ಎಂದೆ.

"ಬರಲಿ," ಎಂದು ಫೋನನ್ನು ಎದೆಯ ಮೇಲಿಟ್ಟುಕೊಂಡು ಕಾಯತೊಡಗಿದಳು.