ಶುಭಾಶಯದಲ್ಲಿ ಉಳಿಯದ ಎರಡು ಸಾಲು

ಬಾಳ್ಳುಪೇಟೆಯ ಹೆದ್ದಾರಿ ಬದಿಯಲ್ಲಿರುವ ಒಂದು ಕಾಫಿ ಖರೀದಿ ಡಿಪೋದಲ್ಲಿ ನನ್ನ ಕೆಲಸ. ಬೆಳೆಗಾರರು ತಂದ ಕಾಫಿಯ ಸ್ಯಾಂಪಲ್ ಪರೀಕ್ಷೆಯಾದ ಮೇಲೆ ತೂಕ, ತೇವ, ರೇಟಿನ ಚೀಟಿ ಕೊಡುವುದು, ಕನ್ನಡದಲ್ಲಿ ಏನಾದರೂ ಬರೆಯಬೇಕಿದ್ದರೆ ಬರೆದುಕೊಡುವುದು. ಎರಡನೆಯ ಕೆಲಸ ವರ್ಷಕ್ಕೊಮ್ಮೆ ಬರುತ್ತಿತ್ತು, ರಾಜ್ಯೋತ್ಸವದ ಶುಭಾಶಯದ ಬೋರ್ಡಿಗೆ. ಅದೂ ಬರೆಯುವುದಲ್ಲ, ಬೆಂಗಳೂರಿನ ಹೆಡ್ ಆಫೀಸಿನವರು ಕಳಿಸಿದ್ದರಲ್ಲಿ ಕಾಗುಣಿತ ತಿದ್ದುವುದು.

ಆ ವರ್ಷ ಅಕ್ಟೋಬರಿನಲ್ಲಿ ಬಂದದ್ದನ್ನು ಓದಿ ನನಗೆ ಮೈ ಉರಿಯಿತು. ‘ನಾಡಿನ ಸಮಸ್ತ ಜನತೆಗೆ ಹಾರ್ದಿಕ ಶುಭಾಶಯಗಳು. ಕನ್ನಡವೇ ನಮ್ಮ ಉಸಿರು. ಕಾಫಿ ಹೂವಿನ ಘಮದ ಈ ಶುಭದಿನದಂದು ತಾಯಿ ಭುವನೇಶ್ವರಿಗೆ ನಮನ.’ ನವೆಂಬರಿನಲ್ಲಿ ಕಾಫಿ ಹೂವು! ಹಣ್ಣು ಕುಯ್ಯಲು ಆಳು ಸಿಗದೆ ಜನ ತಲೆ ಕೆಡಿಸಿಕೊಂಡಿರುವ ತಿಂಗಳು ಅದು. ನಮ್ಮ ಮ್ಯಾನೇಜರು ಹಾನುಬಾಳಿನ ಕಡೆಯವರು, ಮನೆಯಲ್ಲಿ ಅವರದೂ ತೋಟವಿದೆ. ಬಿದ್ದು ಬಿದ್ದು ನಕ್ಕರು.

‘ಇದೇ ಬೋರ್ಡ್ನ ಸಿಮೆಂಟ್ ಅಂಗ್ಡಿ ಮುಂದೆ ಕಟ್ಟುದ್ರೂ ನಡೀತದೆ ಕಣ್ರೀ. ನೀವೇ ಹೊಸದಾಗಿ ಬರೀರಿ, ನಾನು ಒಪ್ಪಿಸ್ತೀನಿ’ ಎಂದರು.

ಹೇಳುವುದು ಸುಲಭ. ಉಸಿರನ್ನೂ ನಮನವನ್ನೂ ಹೊಡೆದು ಹಾಕಿದ ಮೇಲೆ ನನ್ನ ಮುಂದೆ ಉಳಿದದ್ದು ಖಾಲಿ ಹಾಳೆ. ಮೊದಲ ಸಲ ಬರೆದಾಗ ಮಂಜು, ಬೆಟ್ಟ, ಬೆಚ್ಚನೆಯ ಕಾಫಿ ಎಲ್ಲ ಬಂದವು. ಓದಿ ನೋಡಿದರೆ ರೆಸಾರ್ಟಿನ ಜಾಹೀರಾತು. ಹರಿದೆ. ‘ಸಮಸ್ತ ಜನತೆ’ ಅಂದರೆ ಯಾರು? ನಮ್ಮ ಡಿಪೋಗೆ ಬರುವವರು ಆಲೂರು, ಸಕಲೇಶಪುರದ ಬೆಳೆಗಾರರು, ಅವರಿಗೆ ಹೇಳಬೇಕು. ಅವರಿಗೆ ನಾವು ಕನ್ನಡದಲ್ಲಿ ಏನು ಮಾಡಿದ್ದೇವೆ? ಜಗಳ ಮಾಡಿದ್ದೇವೆ. ರೇಟು ಕಮ್ಮಿಯಾಯಿತೆಂದು ಅವರು ರೇಗುವುದು, ಇನ್ನೂ ಒಣಗಬೇಕಿತ್ತು ಎಂದು ನಾವು ರಾಗ ಎಳೆಯುವುದು, ಕೊನೆಗೆ ಕಾಫಿ ಕುಡಿದು ಹೋಗಿ ಎನ್ನುವುದು, ಎಲ್ಲ ಕನ್ನಡದಲ್ಲೇ. ಅಲ್ಲಿಗೆ ಎರಡು ಸಾಲು ಸಿಕ್ಕಿತು.

ಉಳಿದದ್ದು ಸಿಕ್ಕಿದ್ದು ಕುಂದೂರು ಕಡೆಯ ಒಬ್ಬ ಹೆಂಗಸಿನಿಂದ. ಗಂಡ ತೀರಿಕೊಂಡ ಮೇಲೆ ಸಣ್ಣ ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದರು. ಕೊಯ್ಲಿಗೆ ಮುಂಚೆ ಖಾಲಿ ಚೀಲ ಒಯ್ಯಲು ಬಂದವರು, ಹೋದ ವರ್ಷದ ಚೀಟಿಯನ್ನೂ ತಂದಿದ್ದರು. ಅವರ ಮೈದುನನ ಮಗ ಓದಿ ಹೇಳಿದ್ದು ಸರಿಯೋ ಎಂದು ಒಂದು ವರ್ಷದಿಂದ ಅನುಮಾನ. ನಾನು ಓದಿದೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

‘ಸರಿ ಇದ್ರೆ ಸರಿನೇ ಬುಡು. ಆದ್ರೂ ವರ್ಸೆಲ್ಲಾ ಅವ್ನ ಮ್ಯಾಲೆ ಅನ್ಮಾನ ಪಟ್ನಲ್ಲವ್ವ’ ಎಂದರು. ‘ನಾನೇನ್ ಓದಕ್ ಬರ್ದೋಳಲ್ಲ. ದಿನಾ ಪೇಪರ್ ಓದ್ತೀನಿ. ಇದೊಂದು ಇಂಗ್ಲಿಸ್ನಾಗೈತೆ.’

ನಾಚಿಕೆಯಾಯಿತು. ಅವರು ಅಲ್ಲಿ ಕೂತಿರುವಾಗಲೇ ಬರೆದು ಮುಗಿಸಿ, ಗಟ್ಟಿಯಾಗಿ ಓದಿದೆ:

‘ನಿಮ್ಮ ನಮ್ಮ ವ್ಯಾಪಾರ ನಡೆಯುವುದು ಕನ್ನಡದಲ್ಲಿ. ಚೌಕಾಶಿ, ಮುನಿಸು, ರಾಜಿ, ಕಾಫಿ ಕುಡಿದು ಹೋಗಿ ಎನ್ನುವ ಮಾತು, ಎಲ್ಲವೂ. ಚೀಟಿಯನ್ನು ಮಾತ್ರ ಇಷ್ಟು ವರ್ಷ ಇಂಗ್ಲಿಷಿನಲ್ಲಿ ಕೊಟ್ಟೆವು. ಈ ಕೊಯ್ಲಿನಿಂದ ಅದನ್ನೂ ಕನ್ನಡದಲ್ಲಿ ಕೊಡುತ್ತೇವೆ. ನಮ್ಮ ತಪ್ಪು ಒಪ್ಪುಗಳನ್ನು ನಿಮ್ಮ ಭಾಷೆಯಲ್ಲೇ ಮುಖಕ್ಕೆ ಹೇಳಿದ ನಿಮಗೆ ರಾಜ್ಯೋತ್ಸವದ ಶುಭಾಶಯ.’

‘ದಿಟವಾಗ್ಲೂ ಕೊಡ್ತೀರಾ?’ ಎಂದು ಕೇಳಿದರು.

‘ಕೇಳಿದ್ದೀವಿ ಅಮ್ಮ, ಕೊಡಬಹುದು’ ಎಂದೆ. ನಿಜಕ್ಕೂ ನಾನು ಬರೆಯುತ್ತಿರುವಾಗಲೇ ಮ್ಯಾನೇಜರು ಹೆಡ್ ಆಫೀಸಿಗೆ ಫೋನು ಮಾಡಿ ಚೀಟಿಯ ವಿಷಯ ಕೇಳಿದ್ದರು, ಅವರೂ ಇಲ್ಲ ಎಂದಿರಲಿಲ್ಲ.

‘ಹಂಗಾರೆ ಈ ಸಲ ನಾನೇ ಓದ್ಕತೀನಿ. ಯಾರ್ನೂ ಕೇಳಕಿಲ್ಲ’ ಎಂದು ಚೀಲದ ಕಟ್ಟು ಎತ್ತಿಕೊಂಡು ಹೋದರು. ಅವರ ಮುಖ ಅರಳಿದ್ದನ್ನು ನೋಡಿ ನಾನು ಬೀಗಿದೆ, ಸುಳ್ಳೇಕೆ ಹೇಳಲಿ.

ಎರಡು ದಿನಕ್ಕೆ ಹೆಡ್ ಆಫೀಸಿನಿಂದ ಫೋನು. ಜಾಹೀರಾತು ವಿಭಾಗದ ಹೆಣ್ಣುಮಗಳು, ಒಳ್ಳೆಯವಳು, ನನ್ನ ಬರಹ ಓದಿ ಕಣ್ಣು ತುಂಬಿತು ಅಂದಳು. ಆಮೇಲೆ, ‘ಚೀಟಿಯ ಎರಡು ಸಾಲು ಮಾತ್ರ ತೆಗೀತಾ ಇದ್ದೀವಿ ಮೇಡಂ. ಕಂಪ್ಯೂಟರಿನವರು ಈ ವರ್ಷ ಆಗಲ್ಲ ಅಂದ್ರು’ ಎಂದಳು.

‘ಕೊಡ್ತೀವಿ ಅನ್ನೋದು ಬೇಡ, ಸರಿ. ಇಂಗ್ಲಿಷಿನಲ್ಲಿ ಕೊಟ್ಟೆವು ಅನ್ನೋದಾದರೂ ಇರಲಿ. ಅದು ನಿಜ ತಾನೆ?’ ಎಂದೆ.

‘ಹಬ್ಬದ ದಿನ ನಮ್ಮ ಹುಳುಕು ನಾವೇ ಯಾಕೆ ಹೇಳ್ಕೋಬೇಕು? ಅದು ಬಿಟ್ಟರೂ ಎಷ್ಟು ಚೆನ್ನಾಗಿದೆ!’

ಮ್ಯಾನೇಜರೂ ಮಾತಾಡಿ ನೋಡಿದರು. ಅವರ ದನಿ ಏರಿತು, ಇಳಿಯಿತು, ‘ಆಯ್ತು ಸರ್’ ಎಂದು ನಿಂತಿತು. ಹೆಡ್ ಆಫೀಸಿನವರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜನ. ‘ಮುಂದಿನ ವರ್ಷ ನೋಡೋಣ ಅಂದವ್ರೆ ಕಣ್ರೀ’ ಎಂದು ಮ್ಯಾನೇಜರು ನನ್ನ ಮುಖ ನೋಡದೆ ಯಾರ್ಡಿಗೆ ಹೋದರು.

ಬೋರ್ಡು ಕಟ್ಟಿದ ದಿನದಿಂದ ಹೊಗಳಿಕೆಯೋ ಹೊಗಳಿಕೆ. ಅದರ ಫೋಟೊ ಫೋನಿನಿಂದ ಫೋನಿಗೆ ಹೋಯಿತು. ‘ಈ ಸಲ ಮನ್ಷರು ಬರ್ದಂಗೈತೆ ಮಾರಾಯ’ ಎಂದು ಬೆಳೆಗಾರರೊಬ್ಬರು ನಮ್ಮ ಬಾಗಿಲಲ್ಲೇ ಪಕ್ಕದವರಿಗೆ ಹೇಳಿದರು. ನನಗೆ ಮಾತ್ರ ಅದು ಊಟಕ್ಕಿಲ್ಲದ ಉಪ್ಪಿನಕಾಯಿ. ಹಳೆಯ ಘೋಷಣೆಗಳನ್ನು ಯಾರೂ ನಂಬುತ್ತಿರಲಿಲ್ಲ, ಆದ್ದರಿಂದ ಅವು ಯಾರಿಗೂ ಮೋಸ ಮಾಡಿರಲಿಲ್ಲ. ಎಲ್ಲವೂ ಕನ್ನಡದಲ್ಲಿ ಎಂಬ ನನ್ನ ಮಾತನ್ನು ಜನ ನಂಬಿದರು. ಒಣ ಘೋಷಣೆಯನ್ನೇ ಕಳಿಸಲು ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು ಎಂದು ಈಗಲೂ ಅನಿಸುತ್ತದೆ.

ಜನವರಿಯಲ್ಲಿ ಆ ಅಮ್ಮ ಗೂಡ್ಸ್ ಆಟೋದಲ್ಲಿ ಒಣಗಿದ ಕಾಫಿ ತಂದರು. ತೂಕವಾಯಿತು, ಸ್ಯಾಂಪಲ್ ಪರೀಕ್ಷೆಯಾಯಿತು. ಮೆಷಿನ್ನಿನಿಂದ ಬಂದ ಚೀಟಿಯನ್ನು ನಾನು ಕೊಡುವ ಮೊದಲೇ ಅವರು ಸೊಂಟದ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಿದ್ದರು. ಹಿಂದೆ ಅವರು ಕನ್ನಡಕ ತಂದದ್ದನ್ನು ನಾನು ನೋಡಿರಲಿಲ್ಲ.

ಚೀಟಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು.

‘ಅಂಕಿ ಗೊತ್ತಾಯ್ತದೆ. ಏನರ ಅಂಕಿ ಅಂತ ಗೊತ್ತಾಗಕಿಲ್ಲ’ ಎಂದರು.

ಈ ವರ್ಷ ಆಗಲಿಲ್ಲವಂತೆ ಎಂದು ಏನೇನೋ ತೊದಲಿದೆ. ಕಂಪ್ಯೂಟರ್ ಅಂದೆ, ಮುಂದಿನ ವರ್ಷ ಅಂದೆ. ಪೆನ್ನು ತೆಗೆದು, ‘ಕೊಡಿ ಅಮ್ಮ, ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಡ್ತೀನಿ. ಇದು ತೇವ, ಇದು ಸಿಪ್ಪೆ ತೆಗೆದ ಮೇಲೆ ಬೇಳೆ ಎಷ್ಟು ಬಿತ್ತು ಅನ್ನೋದು’ ಎಂದು ಕೈ ಚಾಚಿದೆ.

‘ಬ್ಯಾಡ ಬುಡವ್ವ. ನೀನ್ ಬರ್ಕೊಟ್ರೆ ಅದೂ ನೀನ್ ಹೇಳ್ದಂಗೇ ಆಯ್ತು’ ಎಂದು ಕನ್ನಡಕ ತೆಗೆದು ಮಡಚಿದರು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹೊರಗೆ ಬೋರ್ಡು ಇನ್ನೂ ಇತ್ತು, ಬಿಸಿಲಿಗೆ ಕೆಂಪು ಬಣ್ಣ ಮಾಸಿತ್ತು. ಅದರ ಕೆಳಗೆ ಆಟೋ ಹತ್ತುವಾಗ ಅವರು ಒಮ್ಮೆ ತಲೆಯೆತ್ತಿ ನೋಡಿದರು.

‘ಇದ್ನ ಕನ್ನಡ್ಕ ಇಲ್ದೇನೇ ಓದ್ಬುಟ್ಟೆ ಕಣವ್ವ, ಹಬ್ಬದ್ ದಿನ್ವೇ’ ಎಂದರು. ‘ನೀನ್ ಅವತ್ತು ಓದ್ದಾಗ ಇನ್ನೊಂದ್ಚೂರು ಇತ್ತು, ಅದ್ನ ಹುಡುಕ್ದೆ, ಹುಡುಕ್ದೆ. ನನ್ ಕಣ್ಣೇ ಮಂಜಾಯ್ತೇನೋ ಅಂತ ಹೋಗಿ ಈ ಕನ್ನಡ್ಕ ಮಾಡುಸ್ಕಂಡೆ.’